ಆಟಿಯ ಬೂಷ್ಟು: ಕಪಾಟಿಗೂ ಸೋಫಾಕ್ಕೂ ನೀರು ಬರುವುದು ಎಲ್ಲಿಂದ?

ಕಳೆದ ಜುಲೈಯಲ್ಲಿ ನೀರ್ಚಾಲು ಕಡೆಯ ಒಂದು ಮನೆಯಿಂದ ಫೋನ್ ಬಂತು. "ಅಣ್ಣಾ, ಕಪಾಟು ಒರೆಸುವುದು ಇದು ಮೂರನೇ ಸಲ. ವಿನೆಗರ್ ಹಾಕಿ ಒರೆಸಿದೆ. ಎಂಟು ದಿನ ಆಗ್ಲಿಲ್ಲ, ಪುನಃ ಬಂತು. ಈಗ ಸೋಫಾಕ್ಕೂ ಹಿಡಿದಿದೆ. ಪಾಲಿಶ್ ಮಾಡಿಸಿದ್ರೆ ಹೋಗ್ತದಾ?"

ಮರದ ಸಾಮಾನು ದುರಸ್ತಿ, ಪಾಲಿಶ್, ಕುಶನ್ ಕೆಲಸ ನನ್ನದು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಿಂದ ಜೂನ್ ಕೊನೆಗೆ ಈ ಫೋನ್ ಶುರುವಾದರೆ ಸೆಪ್ಟೆಂಬರ್ ತನಕ ನಿಲ್ಲುವುದಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮ ಕಾಸರಗೋಡು. ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ನಾವು ಬೂಷ್ಟು ಅನ್ನುತ್ತೇವೆ, ಪಕ್ಕದ ಮನೆಯ ಮಲಯಾಳಿಗಳು ಪೂಪ್ಪಲ್ ಅನ್ನುತ್ತಾರೆ.

ಪಾಲಿಶ್ ಬೇಡ ಅಕ್ಕ, ನಾನು ಬಂದು ನೋಡುವವರೆಗೆ ಏನೂ ಹಚ್ಚಬೇಡಿ ಅಂದೆ. ಆಟಿಯಲ್ಲಿ ಮರ ಪಸೆ ಕುಡಿದು ಕೂತಿರುತ್ತದೆ. ಅದರ ಮೇಲೆ ಪಾಲಿಶ್ ಎಳೆದರೆ ಪಸೆ ಒಳಗೇ ಉಳಿಯುತ್ತದೆ, ಪಾಲಿಶ್ ಬೆಳ್ಳಗೆ ಮಂಜು ಕಟ್ಟುತ್ತದೆ, ಎರಡು ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಅದಕ್ಕಿಂತ ಮುಖ್ಯ, ಒರೆಸಿದ ಎಂಟೇ ದಿನದಲ್ಲಿ ಬೂಷ್ಟು ವಾಪಸ್ ಬಂದಿದೆ ಅಂದರೆ ಒರೆಸಿದ್ದು ಸರಿಯಾಗಲಿಲ್ಲ ಅಂತಲ್ಲ. ನೀರು ಬರುವ ದಾರಿ ಇನ್ನೂ ತೆರೆದಿದೆ ಅಂತ. ಆ ದಾರಿ ಹುಡುಕುವುದು ಹೇಗೆ ಅಂತ ಆ ಮನೆಯ ಕಪಾಟು ಮತ್ತು ಸೋಫಾವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು, ಅದು ಬೂಷ್ಟೇ ಹೌದಾ?

ಮರದ ಮೇಲೆ ಬೆಳ್ಳಗೆ ಕಂಡದ್ದೆಲ್ಲ ಬೂಷ್ಟಲ್ಲ. ಬೆರಳಲ್ಲಿ ಒಮ್ಮೆ ಉಜ್ಜಿ ನೋಡಿ. ಪುಡಿಯಾಗಿ ಬೆರಳಿಗೆ ಅಂಟಿ, ಹಳೆಯ ಗೋಣಿಚೀಲದ ವಾಸನೆ ಬಂದರೆ ಬೂಷ್ಟು. ಉಜ್ಜಿದರೂ ಹೋಗದೆ, ಗಾಜಿನ ಹಿಂದೆ ಹಾಲು ಚೆಲ್ಲಿದ ಹಾಗೆ ಕಂಡರೆ ಅದು ಪಾಲಿಶ್‌ನ ಒಳಗೆ ಸಿಕ್ಕಿಕೊಂಡ ಪಸೆ. ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್ ಇರುವ ಹಳೆಯ ಸಾಮಾನಿನಲ್ಲಿ ಇದು ಜಾಸ್ತಿ. ಅದಕ್ಕೆ ಔಷಧಿ ಬೇಡ. ಎಷ್ಟೋ ಸಲ ಬಿಸಿಲು ಬಂದ ಮೇಲೆ ತಾನಾಗಿ ತಿಳಿಯಾಗುತ್ತದೆ.

ಗೋಡೆಗೆ ತಾಗಿದ ಕಡೆ ಹತ್ತಿಯ ಹಾಗೆ ಬೆಳ್ಳಗೆ ಕಂಡರೆ ಒಂದು ಹನಿ ನೀರು ಬಿಡಿ. ಕರಗಿ ಹೋದರೆ ಅದು ಗೋಡೆಯಿಂದ ಬಂದ ಉಪ್ಪು. ಉಪ್ಪು ಮರವನ್ನು ತಿನ್ನುವುದಿಲ್ಲ, ಆದರೆ ಗೋಡೆಯ ಒಳಗಿಂದ ನೀರು ಬರುತ್ತಿದೆ ಅನ್ನುವ ಗಟ್ಟಿ ಸಾಕ್ಷಿ ಅದು. ಇನ್ನು, ಮೊಳೆ ಮತ್ತು ಸ್ಕ್ರೂಗಳ ಸುತ್ತ ಮಾತ್ರ ಕಪ್ಪು ಉಂಗುರ ಇದ್ದರೆ ಅದು ಕಬ್ಬಿಣ ಮತ್ತು ಮರದ ಒಗರು ಸೇರಿ ಆದ ಕಲೆ. ಕಾಲಿನ ಬುಡದಲ್ಲಿ ಗೋಧಿ ಹಿಟ್ಟಿನಂಥ ಪುಡಿ ಬಿದ್ದು ಮರದಲ್ಲಿ ಸೂಜಿ ತೂತುಗಳಿದ್ದರೆ ಅದು ಹುಳ. ಅದರ ಕಥೆಯೇ ಬೇರೆ.

ನೀರ್ಚಾಲಿನ ಕಪಾಟಿನಲ್ಲಿ ಬೆರಳಿಗೆ ಹತ್ತಿದ್ದು ಬೂಷ್ಟೇ. ಹಿಂದಿನ ಹಲಗೆಯಲ್ಲಿ ಕಪ್ಪು, ಒಳಗಿನ ಕೆಳಖಾನೆಯಲ್ಲಿ ಬೂದು ಬಿಳಿ.

ಕಲೆಯ ಆಕಾರ ಓದಿ

ಎಲ್ಲರೂ ಕಲೆ ಕಂಡ ಕೂಡಲೇ ಬಟ್ಟೆ ತರುತ್ತಾರೆ. ಅದಕ್ಕೆ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ನೀರು ಯಾವ ಕಡೆಯಿಂದ ಬಂತು ಅಂತ ಆ ಕಲೆಯೇ ಹೇಳುತ್ತದೆ. ಒರೆಸಿದರೆ ಆ ಗುರುತು ಹೋಗುತ್ತದೆ.

ಕಪಾಟು ಹಲಸಿನದು, ಅಕ್ಕನ ಅತ್ತೆಯ ಕಾಲದ್ದು. ಮನೆಯ ಪಡುವಣ ಕೋಣೆಯಲ್ಲಿ, ಹೊರಗೋಡೆಗೆ ಒತ್ತಿ ಇಟ್ಟಿದ್ದರು. ನಾವಿಬ್ಬರು ಸೇರಿ ಅದನ್ನು ಎಳೆದು ತಿರುಗಿಸಿದೆವು. ಹಿಂದಿನ ಹಲಗೆಯಲ್ಲಿ ನೆಲದಿಂದ ಸರಿಯಾಗಿ ಎರಡು ಅಡಿ ಎತ್ತರದ ತನಕ ಕಪ್ಪು. ಮೇಲೆ ಗೆರೆ ಎಳೆದ ಹಾಗೆ ನಿಂತಿದೆ, ಅದರಿಂದ ಮೇಲಕ್ಕೆ ಮರ ಹಾಗೇ ಹಳದಿ. ಮುಂದಿನ ಬಾಗಿಲುಗಳಲ್ಲಿ ಒಂದು ಚುಕ್ಕೆಯೂ ಇಲ್ಲ.

ಸೋಫಾ ಅದೇ ಕೋಣೆಯ ನಡುವೆ ಇತ್ತು. ಗೋಡೆಗೆ ತಾಗಿರಲಿಲ್ಲ. ಅದರ ಬೂಷ್ಟಿಗೆ ಗೆರೆ ಇಲ್ಲ, ಎತ್ತರ ಇಲ್ಲ. ಸೀಟಿನ ಮೇಲೆ, ಕೈ ಇಡುವ ಜಾಗದಲ್ಲಿ, ತಲೆ ಒರಗುವ ಜಾಗದಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆ.

ಇಲ್ಲೇ ನನಗೆ ಗೊತ್ತಾಯಿತು, ಒಂದೇ ಕೋಣೆಯಲ್ಲಿ ಎರಡು ಬೇರೆ ಬೇರೆ ದೋಷ ಇದೆ ಅಂತ. ಒಂದೇ ಕಡೆ, ಒಂದು ಎತ್ತರದ ತನಕ ನಿಲ್ಲುವ ಕಲೆ ಅಂದರೆ ನೀರು ಗೋಡೆಯಿಂದ ಅಥವಾ ನೆಲದಿಂದ ಬರುತ್ತಿದೆ. ಎಲ್ಲ ಕಡೆ ಹರಡಿ, ಮುಖ್ಯವಾಗಿ ಮೈಯ ಬೆವರು, ಎಣ್ಣೆ ತಾಗಿದಲ್ಲಿ ದಟ್ಟವಾಗುವ ಕಲೆ ಅಂದರೆ ನೀರು ಗಾಳಿಯಲ್ಲಿದೆ. ಬೂಷ್ಟಿಗೆ ಪಸೆಯೊಂದೇ ಸಾಲದು, ತಿನ್ನಲಿಕ್ಕೂ ಬೇಕು. ನಮ್ಮ ಬೆವರು, ತಲೆಯ ಎಣ್ಣೆ, ಧೂಳು ಅದಕ್ಕೆ ಊಟ. ಕಾಲಿನ ತುದಿಯಲ್ಲಿ ಮಾತ್ರ ಒಂದೆರಡು ಇಂಚು ಕಪ್ಪಾಗಿದ್ದರೆ ನೆಲ ಒರೆಸುವ ನೀರು ಅಥವಾ ಬೆವರುವ ನೆಲ. ಮರದ ಕಾಲಿನ ಅಡಿ ಅಂದರೆ ಕಡಿದ ತುದಿ. ಅಲ್ಲಿ ಮರದ ಕೊಳವೆಗಳೆಲ್ಲ ಬಾಯಿ ತೆರೆದುಕೊಂಡಿರುತ್ತವೆ. ಅಡ್ಡಕ್ಕಿಂತ ಎಷ್ಟೋ ಪಾಲು ಬೇಗ ಅಲ್ಲಿ ನೀರು ಏರುತ್ತದೆ.

ಪ್ಲಾಸ್ಟಿಕ್ ಪರೀಕ್ಷೆ

ಕಲೆ ನೋಡಿ ಊಹಿಸಿದ್ದನ್ನು ಖಚಿತ ಮಾಡಿಕೊಳ್ಳಲು ಖರ್ಚಿಲ್ಲದ ಒಂದು ದಾರಿ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಅಡಿಕೆ ಒಣಗಿಸುವ ಸೋಲಾರ್ ಗೂಡಿಗೆ ಹೊದೆಸಿದ ಪ್ಲಾಸ್ಟಿಕ್‌ನ ತುಂಡು ಎಲ್ಲರ ಮನೆಯಲ್ಲೂ ಇರುತ್ತದೆ, ಅದೇ ಸಾಕು. ಕಪಾಟಿನ ಹಿಂದಿದ್ದ ಗೋಡೆಯನ್ನು ಒಣ ಬಟ್ಟೆಯಿಂದ ಒರೆಸಿ, ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಅಗಲದ ಟೇಪ್ ಗಾಳಿ ಹೋಗದ ಹಾಗೆ ಅಂಟಿಸಿ. ಒಂದು ನೆಲದಿಂದ ಒಂದು ಅಡಿ ಮೇಲೆ, ಇನ್ನೊಂದು ನಾಲ್ಕು ಅಡಿ ಮೇಲೆ. ಮೂರನೆಯದನ್ನು ನೆಲದ ಮೇಲೆ. ಎರಡು ದಿನ ಬಿಡಿ.

ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕೂತರೆ ನೀರು ಗೋಡೆಯ ಒಳಗಿಂದ ಬರುತ್ತಿದೆ. ಹೊರಮೈಯಲ್ಲಿ ಹನಿ ಕೂತರೆ ಕೋಣೆಯ ಗಾಳಿಯ ಪಸೆ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಟೇಪ್ ಅಂಟದೇ ಬಿದ್ದುಹೋದರೆ ಅದೂ ಒಂದು ಉತ್ತರವೇ. ಗೋಡೆ ಅಷ್ಟು ಚಂಡಿಯಾಗಿದೆ ಅಂತ.

ಅಕ್ಕನ ಮನೆಯಲ್ಲಿ ಕೆಳಗಿನ ಹಾಳೆಯ ಒಳಮೈ ಪೂರ್ತಿ ಹನಿ. ಬೆರಳಲ್ಲಿ ಎಳೆದರೆ ನೀರು ಗೆರೆಯಾಗಿ ಇಳಿಯಿತು. ಮೇಲಿನ ಹಾಳೆ ಒಣ, ನೆಲದ ಹಾಳೆಯೂ ಒಣ. ಹಾಗಾದರೆ ನೆಲದಿಂದ ಏರಿದ್ದಲ್ಲ, ಮಾಡಿನಿಂದ ಸೋರಿದ್ದೂ ಅಲ್ಲ. ಹೊರಗೆ ಹೋಗಿ ನೋಡಿದೆವು. ಮುರಕಲ್ಲಿನ ಗೋಡೆ, ಒಳಗೆ ಮಾತ್ರ ಸಾರಣೆ. ಹೊರಗೆ ಕಲ್ಲು ಹಾಗೇ ತೆರೆದಿದೆ. ಮಾಡಿನ ನೀರು ಸಿಮೆಂಟ್ ಹಾಕಿದ ಅಂಗಳಕ್ಕೆ ಬಿದ್ದು, ಅಲ್ಲಿಂದ ಸಿಡಿದು ಗೋಡೆಗೆ ಹೊಡೆಯುತ್ತಿತ್ತು. ಸಿಡಿದ ಕೆಂಪು ಕೆಸರಿನ ಗುರುತು ಗೋಡೆಯಲ್ಲಿ ಎರಡು ಅಡಿ ಎತ್ತರ. ಕಪಾಟಿನ ಹಿಂದಿನ ಗೆರೆಯೂ ಎರಡು ಅಡಿ. ಎರಡು ವರ್ಷ ಹಿಂದೆ ಅಡಿಕೆ ಒಣಗಿಸಲು ಅಂಗಳಕ್ಕೆ ಸಿಮೆಂಟ್ ಹಾಕಿದ್ದು ಅಂತ ಅಕ್ಕ ಹೇಳಿದರು. ಅದಕ್ಕೆ ಮೊದಲು ಮಣ್ಣಿನ ಅಂಗಳ ಇತ್ತು. ಬಿದ್ದ ನೀರು ಅಲ್ಲೇ ಇಂಗುತ್ತಿತ್ತು, ಸಿಡಿಯುತ್ತಿರಲಿಲ್ಲ. ಕಪಾಟಿಗೆ ಬೂಷ್ಟು ಬಂದದ್ದೂ ಎರಡು ವರ್ಷದಿಂದ.

ಮುರಕಲ್ಲು ತೂತು ತೂತಿನ ಕಲ್ಲು. ನೀರು ಕುಡಿದ ಗೋಡೆ ತಣ್ಣಗಾಗುತ್ತದೆ. ಅದಕ್ಕೂ ಕಪಾಟಿಗೂ ನಡುವೆ ಗಾಳಿ ಓಡಾಡಲು ಜಾಗ ಇಲ್ಲ. ಹಿಂದಿನ ಹಲಗೆಗೆ ಪಾಲಿಶೂ ಇಲ್ಲ, ಯಾಕೆಂದರೆ ಕಾಣದ ಕಡೆಗೆ ಯಾರೂ ಪಾಲಿಶ್ ಹಾಕುವುದಿಲ್ಲ. ನಮ್ಮ ಕಸುಬಿನ ಈ ಅಭ್ಯಾಸ ನನಗೆ ಮೊದಲಿಂದಲೂ ಸರಿ ಕಾಣುವುದಿಲ್ಲ. ಪಸೆ ಒಳಗೆ ಹೋಗುವುದು ಆ ಕಾಣದ ಕಡೆಯಿಂದಲೇ.

ತಕ್ಕಡಿಯಲ್ಲಿ ಸಿಕ್ಕಿದ ಉತ್ತರ

ಸೋಫಾದ ಬೂಷ್ಟಿಗೆ ಗೋಡೆ ಕಾರಣ ಅಲ್ಲ ಅಂತ ಆಯಿತು. ಗಾಳಿಯ ಪಸೆ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಕೆಲವೇ ನೂರು ರೂಪಾಯಿಯ ವಸ್ತು. ಇಟ್ಟ ಮೇಲೆ ಅರ್ಧ ಗಂಟೆ ಬಿಟ್ಟು ಓದಬೇಕು, ಕೈಯಲ್ಲಿ ಹಿಡಿದು ಓದಬಾರದು. ಅಕ್ಕನ ಚಾವಡಿಯಲ್ಲಿ ಅದು ಶೇಕಡ 82 ತೋರಿಸಿತು. ಈ ಕೋಣೆಯ ನಡುವೆ 91. ಒಂದೇ ಮನೆ, ಒಂದೇ ಮಳೆ, ಒಂಬತ್ತು ಅಂಕ ವ್ಯತ್ಯಾಸ. ಮೇಲ್ಮೈಯಲ್ಲಿ 80 ದಾಟಿ ಕೆಲವು ದಿನ ನಿಂತರೆ ಬೂಷ್ಟು ಏಳುತ್ತದೆ, 70ರ ಕೆಳಗಿದ್ದರೆ ಏಳುವುದಿಲ್ಲ ಅಂತ ಲೆಕ್ಕ ಇಟ್ಟುಕೊಳ್ಳಿ.

ಈ ಕೋಣೆಯಲ್ಲಿ ಅಂಥದ್ದು ಏನಿದೆ? ಮೂಲೆಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇತ್ತು. ಮಳೆಗಾಲದಲ್ಲಿ ಬೇರೆಲ್ಲಿ ಒಣಗಿಸುವುದು, ಫ್ಯಾನ್ ಹಾಕಿ ಇಲ್ಲೇ ಹರವುತ್ತೇವೆ ಅಂದರು. ಅಡಿಕೆ ತೂಗುವ ನೇತಾಡುವ ತಕ್ಕಡಿ ಇತ್ತಲ್ಲ, ಆ ದಿನದ ಬಟ್ಟೆಯನ್ನು ಹಿಂಡಿದ ಮೇಲೆ ಒಮ್ಮೆ ತೂಗಿಟ್ಟುಕೊಳ್ಳಿ, ನಾಳೆ ಒಣಗಿದ ಮೇಲೆ ಇನ್ನೊಮ್ಮೆ ತೂಗಿ ಅಂದೆ. ಒದ್ದೆಯಲ್ಲಿ ಏಳೂವರೆ ಕಿಲೋ, ಒಣಗಿದ ಮೇಲೆ ನಾಲ್ಕು. ಮೂರೂವರೆ ಲೀಟರ್ ನೀರು ಒಂದು ರಾತ್ರಿಯಲ್ಲಿ ಕೋಣೆಯ ಗಾಳಿಗೆ ಹೋಗಿತ್ತು.

ಇದು ಎಷ್ಟು ಜಾಸ್ತಿ ಅಂತ ತಿಳಿಯಲು ಸಣ್ಣ ಲೆಕ್ಕ ಮಾಡೋಣ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಅಂದರೆ ಸುಮಾರು 41 ಘನ ಮೀಟರ್ ಗಾಳಿ. 27 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 26 ಗ್ರಾಂ ನೀರು ಹಿಡಿದುಕೊಳ್ಳುತ್ತದೆ. ಇಡೀ ಕೋಣೆಯ ಗಾಳಿ ಹಿಡಿಯುವುದೇ ಹೆಚ್ಚುಕಡಿಮೆ ಒಂದು ಲೀಟರ್. ಅದರಲ್ಲಿ ಮುಕ್ಕಾಲು ಲೀಟರಿಗಿಂತ ಜಾಸ್ತಿ ಮಳೆಗಾಲದ ಗಾಳಿಯಲ್ಲಿ ಮೊದಲೇ ಇರುತ್ತದೆ. ಉಳಿದ ನೀರೆಲ್ಲ ಎಲ್ಲಿಗೆ ಹೋಗಬೇಕು? ಸ್ವಲ್ಪ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಉಳಿದದ್ದನ್ನು ಮರ, ಬಟ್ಟೆ, ಸೋಫಾದ ಸ್ಪಂಜು ಕುಡಿಯುತ್ತವೆ.

ಇನ್ನೊಂದು ಸಂಗತಿ ಸೋಫಾ ಮುಟ್ಟಿದ ಕೂಡಲೇ ತಿಳಿಯಿತು. ಬಟ್ಟೆಯ ಹೊರಕವರಿನ ಒಳಗೆ, ಅಂಗಡಿಯಿಂದ ಬರುವಾಗ ಸೀಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಗೇ ಇತ್ತು. ಕೊಳೆಯಾಗಬಾರದು ಅಂತ ಮಗ ತೆಗೆದಿರಲಿಲ್ಲ. ನಮ್ಮ ಊರಿಗೆ ಇದು ದೊಡ್ಡ ತಪ್ಪು. ಪಸೆ ಹೊಲಿಗೆಯ ಸಂದಿಯಿಂದ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಹೊಸ ಸೋಫಾ ಬಂದ ದಿನವೇ ಆ ಪ್ಲಾಸ್ಟಿಕ್ ತೆಗೆಯಿರಿ.

ಒರೆಸುವ ಕೆಲಸ

ದಾರಿ ಗೊತ್ತಾದ ಮೇಲೆ ಒರೆಸಬೇಕು. ಬಟ್ಟೆ ಸ್ಟ್ಯಾಂಡ್ ಅಂದೇ ಹಿಂದಿನ ಜಗಲಿಗೆ ಹೋಯಿತು. ಕಪಾಟನ್ನು ಒಳಗೋಡೆಯ ಕಡೆಗೆ ಸರಿಸಿ, ನಾಲ್ಕು ಇಂಚು ಜಾಗ ಬಿಟ್ಟು ನಿಲ್ಲಿಸಿದೆವು.

ಒಣ ಬ್ರಶ್ ಹಾಕಿ ಮನೆಯೊಳಗೆ ಬೂಷ್ಟು ಕೊಡವಬೇಡಿ. ಅದರ ಬೀಜ ಕಣ್ಣಿಗೆ ಕಾಣದ ಧೂಳು. ಕೊಡವಿದರೆ ಇಡೀ ಮನೆಗೆ ಬಿತ್ತಿದ ಹಾಗೆ. ಮಳೆ ಬಿಟ್ಟ ಹೊತ್ತಿನಲ್ಲಿ ಸಾಮಾನನ್ನು ಜಗಲಿಗೆ ತನ್ನಿ. ಎನ್-95 ಮಾಸ್ಕ್ ಹಾಕಿಕೊಳ್ಳಿ. ದಮ್ಮು ಇರುವವರು, ಸಣ್ಣ ಮಕ್ಕಳು ಹತ್ತಿರ ಇರುವುದು ಬೇಡ. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರಾವಣ ನಾಲ್ಕೈದು ಹನಿ ಸಾಕು. ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಒಂದೇ ದಿಕ್ಕಿಗೆ ಒರೆಸಿ. ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ ತಿರುಗಿಸಿಕೊಳ್ಳಿ. ಅದೇ ಮಡಿಕೆಯಲ್ಲಿ ಪುನಃ ಒರೆಸಿದರೆ ಬೂಷ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ ಅಷ್ಟೆ. ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ.

ಆಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ 70 ಶೇಕಡದ ಸ್ಪಿರಿಟ್. ಇಲ್ಲಿ ಒಂದು ಎಚ್ಚರಿಕೆ ಬೇಕು. ಸ್ಪಿರಿಟ್ ಬೂಷ್ಟನ್ನು ಕೊಲ್ಲುತ್ತದೆ, ಹಾಗೆಯೇ ಅರಗಿನ ಪಾಲಿಶನ್ನೂ ಕರಗಿಸುತ್ತದೆ. ಅರಗನ್ನು ನಾವು ಕರಗಿಸುವುದೇ ಸ್ಪಿರಿಟಿನಲ್ಲಿ, ಅಲ್ವಾ? ಕಪಾಟಿನ ಕಾಣದ ಮೂಲೆಯಲ್ಲಿ ಹತ್ತಿಯಿಂದ ಒಂದು ಹನಿ ಮುಟ್ಟಿಸಿ, ಅರ್ಧ ನಿಮಿಷ ಬಿಟ್ಟು ಬೆರಳಿಡಿ. ಅಂಟಿದರೆ ಅರಗಿನ ಪಾಲಿಶ್, ಅಲ್ಲಿ ಸ್ಪಿರಿಟ್ ಬೇಡ, ಸೋಪಿನ ನೀರಿಗೇ ನಿಲ್ಲಿಸಿ. ಅಂಟದಿದ್ದರೆ ಈಗಿನ ಮೆಲಮೈನ್ ಅಥವಾ ಪಿಯು ಪಾಲಿಶ್ ಇರಬಹುದು, ತೆಳುವಾಗಿ ಒರೆಸಬಹುದು. ದೀಪ, ಒಲೆ ಹತ್ತಿರ ಬೇಡ.

ಪಾಲಿಶ್ ಇಲ್ಲದ ಹಿಂದಿನ ಹಲಗೆಗೆ ಬಿಳಿಗಾರ, ಅಂದರೆ ಬೋರಾಕ್ಸ್ ಒಳ್ಳೆಯದು. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಕರಗಿಸಿ, ಬ್ರಶ್‌ನಲ್ಲಿ ತೆಳುವಾಗಿ ಹಚ್ಚಿ ಒಣಗಲು ಬಿಟ್ಟುಬಿಡಿ, ತೊಳೆಯಬೇಡಿ. ಒಣಗಿದ ಮೇಲೆ ಮರದೊಳಗೆ ಉಳಿದು ಬೂಷ್ಟು ಬೇಗ ಏಳದ ಹಾಗೆ ತಡೆಯುತ್ತದೆ. ಪಾಲಿಶ್ ಮೇಲೆ ಹಚ್ಚಿದರೆ ಬಿಳಿ ಪುಡಿ ಕೂರುತ್ತದೆ, ಅಲ್ಲಿ ಬೇಡ. ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ಊಟದ ಪಾತ್ರೆ ಇಡುವ ಖಾನೆಗೂ ಹಚ್ಚಬೇಡಿ.

ಬ್ಲೀಚಿಂಗ್ ನೀರಿನ ಬಗ್ಗೆ ತುಂಬ ಜನ ಕೇಳುತ್ತಾರೆ. ಮರಕ್ಕೆ ಅದನ್ನು ನಾನು ಬಳಸುವುದಿಲ್ಲ. ಮೇಲಿನ ಬಣ್ಣ ಬಿಳಿಯಾಗುತ್ತದೆ, ಹೋಯಿತು ಅಂತ ಅನಿಸುತ್ತದೆ. ಆದರೆ ಅದರಲ್ಲಿರುವ ನೀರು ಮರದೊಳಗೆ ಇಳಿದು ಬೇರಿಗೆ ಪಸೆ ಕೊಡುತ್ತದೆ. ಟೈಲ್ಸಿಗೆ ಬಳಸುವುದಾದರೂ ವಿನೆಗರ್ ಜೊತೆಗೆ, ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆಗೆ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶ ಸುಡುತ್ತದೆ.

ಒರೆಸಿದ ಮೇಲೆ ಎರಡು ದಿನ ಬಾಗಿಲು ತೆರೆದಿಟ್ಟು, ಟೇಬಲ್ ಫ್ಯಾನ್ ಅಡ್ಡಲಾಗಿ ಬೀಸುವ ಹಾಗೆ ಇಡಿ. ಕಪಾಟಿನ ಸೀರೆಗಳನ್ನು ಒಗೆದು ಪೂರ್ತಿ ಒಣಗದೆ ವಾಪಸ್ ಇಡಬಾರದು. ಹದಿನಾರು ಸೀರೆಯಲ್ಲಿ ಒಂದು ಹಸಿಯಿದ್ದರೂ ಸಾಕು.

ಸೋಫಾ ಉಳಿಯುತ್ತದಾ?

ಸೋಫಾದ ಕೆಳಗೆ ಮಲಗಿ ನೋಡದೆ ಇದಕ್ಕೆ ಉತ್ತರ ಇಲ್ಲ. ನಾನು ಅದನ್ನು ಮಗುಚಿ ಹಾಕಿ, ಅಡಿಯ ಕಪ್ಪು ಬಟ್ಟೆಯ ಸ್ಟೇಪ್ಲರ್ ಪಿನ್ ಒಂದು ಬದಿಯಲ್ಲಿ ಕಿತ್ತೆ. ಚೌಕಟ್ಟಿನ ಮರ ಗಟ್ಟಿಯಿತ್ತು, ಉಗುರು ಒತ್ತಿದರೆ ಇಳಿಯಲಿಲ್ಲ. ಸೀಟಿನ ಜಿಪ್ ತೆಗೆದು ಸ್ಪಂಜಿನ ಅಂಚನ್ನು ಬ್ಲೇಡಿನಲ್ಲಿ ಅರ್ಧ ಇಂಚು ಸೀಳಿ ನೋಡಿದೆ. ಎರಡು ಸೀಟಿನ ಒಳಗೆ ಹೊಸ ಸ್ಪಂಜಿನ ಬಣ್ಣವೇ ಇತ್ತು, ವಾಸನೆ ಇಲ್ಲ. ಮೂರನೆಯದರಲ್ಲಿ ಒಂದು ಇಂಚು ಆಳಕ್ಕೆ ಬೂದು ಚುಕ್ಕೆ.

ಸ್ಪಂಜಿನ ಒಳಗೆ ಬೂಷ್ಟು ಹೊಕ್ಕಿದರೆ ಅದನ್ನು ಉಳಿಸಲು ಹೋಗಬೇಡಿ. ತೊಳೆದರೆ ಮೇಲೆ ಶುಚಿಯಾಗುತ್ತದೆ, ಒಳಗಿನ ನೀರು ನಮ್ಮ ಹವೆಯಲ್ಲಿ ವಾರವಾದರೂ ಒಣಗುವುದಿಲ್ಲ. ಮೂರನೇ ಸೀಟಿನ ಸ್ಪಂಜು ಬದಲಿಸಿದೆವು. ಉಳಿದ ಎರಡನ್ನು ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲಿ, ಮಳೆ ಬಿಟ್ಟ ಮೂರು ಮಧ್ಯಾಹ್ನ, ನಿಲ್ಲಿಸಿ ಒಣಗಿಸಿದೆವು. ಮಲಗಿಸಿದರೆ ಅಡಿ ಒಣಗುವುದಿಲ್ಲ. ಗೂಡಿನಲ್ಲಿ ಹಸಿ ಅಡಿಕೆ ಇರುವಾಗ ಇದನ್ನು ಮಾಡಬೇಡಿ, ಅಡಿಕೆಯ ಪಸೆಯೆಲ್ಲ ಸ್ಪಂಜಿಗೆ ಬರುತ್ತದೆ. ಪಾಲಿಶ್ ಇರುವ ಮರವನ್ನೂ ಅಲ್ಲಿಡಬೇಡಿ. ಆ ಬಿಸಿಗೆ ಮರ ಒಮ್ಮೆಗೇ ಕುಗ್ಗಿ ಬಿರುಕು ಬಿಡುತ್ತದೆ.

ಅಡಿಯ ಕಪ್ಪು ಬಟ್ಟೆ ಬದಲಿಸುವಾಗ ಗಾಳಿಯಾಡುವ ಬಟ್ಟೆಯನ್ನೇ ಹೊಡೆದೆ. ಕಾಲುಗಳ ಅಡಿಗೆ ಎರಡು ಕೋಟ್ ಪಿಯು ಹಚ್ಚಿ, ರಬ್ಬರ್ ಬುಶ್ ಹಾಕಿದೆ. ರೆಕ್ಸಿನ್ ಸೋಫಾ ಇರುವವರಿಗೆ ಒಂದು ಮಾತು. ರೆಕ್ಸಿನ್ ಮೇಲಿನ ಬೂಷ್ಟು ಸೋಪಿನ ನೀರಿಗೆ ಸುಲಭವಾಗಿ ಹೋಗುತ್ತದೆ. ಆದರೆ ರೆಕ್ಸಿನ್ ಸಿಪ್ಪೆ ಏಳುತ್ತಿದ್ದರೆ ಅದು ಬೂಷ್ಟಿನಿಂದಲ್ಲ, ಪಸೆಗೆ ಅದರ ಮೇಲ್ಪದರವೇ ಸಡಿಲವಾಗುವುದು. ಅದನ್ನು ಒರೆಸಿ ಸರಿಮಾಡಲು ಆಗುವುದಿಲ್ಲ. ಹಾಗೆಯೇ ಮರದ ಪುಡಿ ಒತ್ತಿ ಮಾಡಿದ ಬೋರ್ಡಿನ ಕಪಾಟು ಅಂಚಿನಲ್ಲಿ ಉಬ್ಬಿದರೆ ಒಣಗಿದರೂ ವಾಪಸ್ ಕೂರುವುದಿಲ್ಲ.

ಮುಚ್ಚಿದ ಕಪಾಟಿನ ಒಳಗೆ

ಹಂಚಿನ ಮನೆಯವರು ಗಾಳಿ ಒಣಗಿಸುವ ಯಂತ್ರ ತರಬೇಕಾ ಅಂತ ಕೇಳುತ್ತಾರೆ. ಹಂಚಿನ ಸಂದಿಯಿಂದ ಹೊರಗಿನ ಗಾಳಿ ಸದಾ ಬರುತ್ತಲೇ ಇರುತ್ತದೆ, ಯಂತ್ರ ಇಡೀ ಕಾಸರಗೋಡಿನ ಮಳೆಯನ್ನು ಒಣಗಿಸಲು ಹೊರಟ ಹಾಗಾಗುತ್ತದೆ. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚುವ ಸ್ಲ್ಯಾಬಿನ ಕೋಣೆಗೆ ಮಾತ್ರ ಅದು ಸರಿ. ಹಂಚಿನ ಮನೆಯಲ್ಲಿ ಕೋಣೆಯನ್ನು ಬಿಟ್ಟುಬಿಡಿ, ಕಪಾಟಿನ ಒಳಗನ್ನು ಒಣಗಿಸಿ.

ಕ್ಯಾಲ್ಸಿಯಂ ಕ್ಲೋರೈಡ್ ಹರಳು ಇರುವ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ. ಪಸೆ ಎಳೆದು ಕೆಳಗೆ ನೀರಾಗಿ ತುಂಬುತ್ತದೆ. ಕೆಳಖಾನೆಯಲ್ಲಿ ಸ್ಟೀಲ್ ತಟ್ಟೆಯ ಮೇಲಿಡಿ. ಆ ನೀರು ಮರಕ್ಕೆ ಚೆಲ್ಲಿದರೆ ಒಣಗುವುದೇ ಇಲ್ಲ, ಚರ್ಮದ ಚಪ್ಪಲಿ, ಬೆಲ್ಟಿಗೆ ತಾಗಿದರೆ ಹಾಳು. ಬಾಗಿಲು ಮುಚ್ಚಿರಬೇಕು. ಇದರಿಂದಲೂ ದೋಷ ತಿಳಿಯಬಹುದು. ಮುಚ್ಚಿದ ಕಪಾಟಿನಲ್ಲಿ ಡಬ್ಬಿ ನಾಲ್ಕೈದು ದಿನದಲ್ಲೇ ತುಂಬಿದರೆ, ಎಲ್ಲೋ ಹಿಂದಿನಿಂದ ಪಸೆ ಒಳಗೆ ಬರುತ್ತಿದೆ ಅಂತ ತಿಳಿದುಕೊಳ್ಳಿ. ನ್ಯಾಫ್ತಲಿನ್ ಗುಳಿಗೆ ಹುಳಕ್ಕೆ ಸರಿ, ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ.

ಹಿಂದೆ ದೊಡ್ಡ ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸುತ್ತಿದ್ದರು. ಅದು ಒಳ್ಳೆಯ ಉಪಾಯವೇ. 26 ಡಿಗ್ರಿಯಲ್ಲಿ ಪಸೆ ಶೇಕಡ 90 ಇರುವ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ಮೀಟರಿನಲ್ಲಿ 71ಕ್ಕೆ ಇಳಿಯುತ್ತದೆ. ನೀರು ಅಷ್ಟೇ ಇರುತ್ತದೆ, ಆದರೆ ಬೂಷ್ಟಿಗೆ ಸಿಗುವುದಿಲ್ಲ. ಈಗಿನ ಎಲ್‌ಇಡಿ ಬಲ್ಬಿನಿಂದ ಅಷ್ಟು ಬಿಸಿ ಬರುವುದಿಲ್ಲ. ಹಳೆಯ ನಮೂನೆಯ 15 ವಾಟಿನ ಬಲ್ಬ್ ಇದ್ದರೆ ಅದರ ಸುತ್ತ ತಂತಿಯ ಬುಟ್ಟಿ ಬೇಕು, ಬಟ್ಟೆ ಒಂದು ಅಡಿ ದೂರ ಇರಬೇಕು, ಮನೆಯಲ್ಲಿ ಜನ ಇಲ್ಲದಾಗ ಉರಿಸಬಾರದು.

ಬಾಗಿಲು, ಡ್ರಾಯರ್ ಬಿಗಿಯಾಯಿತು ಅಂತ ಆಟಿಯಲ್ಲಿ ಉಳಿ ಹೊಡೆಸಬೇಡಿ. ಮರ ಪಸೆ ಕುಡಿದು ಅಗಲವಾಗಿದೆ, ಅಷ್ಟೆ. ಈಗ ಕೀಸಿದರೆ ಮಾರ್ಚಿಯಲ್ಲಿ ಸಡಿಲವಾಗಿ ಅಲ್ಲಾಡುತ್ತದೆ. ಜಾರುವ ಕಡೆಗೆ ಮೇಣದ ಬತ್ತಿ ಉಜ್ಜಿ ಕಾಯಿರಿ.

ಗೋಡೆಯ ಕೆಲಸ

ಮಳೆ ಹೊಯ್ಯುವಾಗ ಗೋಡೆ ರಿಪೇರಿ ಆಗುವುದಿಲ್ಲ. ಆ ಆಟಿಗೆ ಅಕ್ಕ ಮಾಡಿದ್ದು ಎರಡು. ಮಡಲಿನ ತಟ್ಟಿ ಹೆಣೆದು ಪಡುವಣ ಗೋಡೆಯ ಬುಡಕ್ಕೆ, ಗೋಡೆಗೆ ತಾಗದ ಹಾಗೆ ಒಂದು ಗೇಣು ದೂರ ಕಟ್ಟಿಸಿದರು. ನೀರು ಬೀಳುವ ಸಾಲಿನಲ್ಲಿ ಹಳೆಯ ಗೋಣಿ ಹಾಸಿದರು, ಸಿಡಿಯುವುದು ಅರ್ಧಕ್ಕರ್ಧ ನಿಂತಿತು. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆಸಿಬಿಡೋಣ ಅಂತ ಮಗ ಹೇಳಿದ. ಬೇಡ ಅಂದೆ. ನೀರು ಹೊರಗಿನಿಂದ ಬರುತ್ತಿರುವಾಗ ಒಳಗೆ ಮುಚ್ಚಿದರೆ ಪೇಂಟ್ ಗುಳ್ಳೆ ಎದ್ದು, ಸಾರಣೆಯನ್ನೂ ಕಿತ್ತುಕೊಂಡು ಬೀಳುತ್ತದೆ.

ಫೆಬ್ರವರಿಯಲ್ಲಿ ಗೋಡೆ ಪೂರ್ತಿ ಒಣಗಿದ ಮೇಲೆ ಉಳಿದ ಕೆಲಸ ಆಯಿತು. ನೀರು ಬೀಳುವ ಸಾಲಿನಲ್ಲಿ ಎರಡು ಅಡಿ ಅಗಲ ಸಿಮೆಂಟ್ ಒಡೆದು ಜಲ್ಲಿ ತುಂಬಿಸಿದರು. ಕಲ್ಲಿನ ಸಂದು ತುಂಬಿಸಿ, ಮುರಕಲ್ಲಿಗೆ ಹೊಡೆಯುವ, ನೀರು ಹಿಡಿಯದ ಆದರೆ ಕಲ್ಲು ಉಸಿರಾಡಲು ಬಿಡುವ ಸಿಲಿಕೋನ್ ದ್ರಾವಣ ಎರಡು ಸಲ ಹೊಡೆದರು. ಅದು ಒಣ ಕಲ್ಲಿಗೆ ಮಾತ್ರ ಹಿಡಿಯುತ್ತದೆ, ಕೆಲವು ವರ್ಷಕ್ಕೊಮ್ಮೆ ಪುನಃ ಬೇಕಾಗುತ್ತದೆ. ಕಪಾಟಿನ ಹಿಂದಿನ ಹಲಗೆಯನ್ನು ಮಾರ್ಚಿಯಲ್ಲಿ ನಾನೇ ಪಾಲಿಶ್ ಮಾಡಿದೆ. ಮರದ ಪಸೆ ಅಳೆಯುವ ಪಿನ್ ಮೀಟರ್ ಜುಲೈಯಲ್ಲಿ ಆ ಹಲಗೆಗೆ ಶೇಕಡ 23 ತೋರಿಸಿತ್ತು. 20 ದಾಟಿ ಹಾಗೇ ನಿಂತರೆ ಬೂಷ್ಟಿನಿಂದ ಮುಂದೆ ಮರ ಕುಂಬಾಗುವ ಕಡೆಗೆ ಹೋಗುತ್ತದೆ. ಮಾರ್ಚಿಯಲ್ಲಿ 12ಕ್ಕೆ ಇಳಿದಿತ್ತು, ಹಾಗಾಗಿ ಪಾಲಿಶ್ ಹಿಡಿಯಿತು.

ಈ ಜುಲೈಯಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಅದೇ ಜಾಗದಲ್ಲಿ ಅಂಟಿಸಿ ನೋಡಲು ಅಕ್ಕನಿಗೆ ಹೇಳಿದ್ದೆ. ಎರಡು ದಿನ ಕಳೆದು ಫೋಟೋ ಕಳುಹಿಸಿದರು. ಒಳಮೈಯಲ್ಲಿ ಹನಿ ಇರಲಿಲ್ಲ, ಕೆಳಗಿನ ಒಂದು ಮೂಲೆಯಲ್ಲಿ ಮಾತ್ರ ಮಸುಕು ಮಂಜು. ಆ ಮೂಲೆಯ ಹೊರಗೆ ಪೈಪಿನ ತಿರುವು ಇದೆ. ಕಪಾಟನ್ನು ಸದ್ಯಕ್ಕೆ ಒಳಗೋಡೆಯಲ್ಲೇ ಇಟ್ಟುಕೊಳ್ಳಿ, ನವೆಂಬರಿನಲ್ಲಿ ಆ ಪೈಪ್ ಬಿಚ್ಚಿ ನೋಡೋಣ ಅಂತ ಹೇಳಿದ್ದೇನೆ.